ಹಗ್ಗ ಹಿಡಿದ ಮೂರು ಉಪಗ್ರಹಗಳು

ಮಕ್ಕಳೇ, ಮೂವರು ಅಂಗಳಕ್ಕೆ ಬನ್ನಿ. ಒಂದೇ ಸಾಲಿನಲ್ಲಿ ಬೇಡ, ಮೂರು ಮೂಲೆಗೆ ನಿಲ್ಲಿ. ನೀವು ಉಪಗ್ರಹಗಳು. ನಾಲ್ಕನೆಯವರು ಮಧ್ಯೆ ಎಲ್ಲಾದರೂ ನಿಲ್ಲಿ, ನೀವು ಮೊಬೈಲ್. ಒಬ್ಬೊಬ್ಬ ಉಪಗ್ರಹದಿಂದಲೂ ಮೊಬೈಲ್‌ವರೆಗೆ ಹಗ್ಗ ಅಳೆದು ಗಂಟು ಹಾಕಿ. ಈಗ ಮೊಬೈಲ್ ಪಕ್ಕಕ್ಕೆ ಸರಿಯಲಿ.

ಗಂಟಿಗೆ ಸೀಮೆಸುಣ್ಣ ಕಟ್ಟಿ ಮೊದಲ ಉಪಗ್ರಹ ವೃತ್ತ ಎಳೆಯಲಿ. ಮೊಬೈಲ್ ಆ ಗೆರೆಯ ಮೇಲೆ ಎಲ್ಲಿಯಾದರೂ ಇರಬಹುದು. ಎರಡನೆಯ ವೃತ್ತ ಅದನ್ನು ಎರಡು ಕಡೆ ಕತ್ತರಿಸುತ್ತದೆ. ಮೂರನೆಯದು ಆ ಎರಡರಲ್ಲಿ ಒಂದನ್ನಷ್ಟೇ ಹಾದುಹೋಗುತ್ತದೆ. ಸಿಕ್ಕಿತು!

ಇಸ್ರೋದ ನಾವಿಕ್ ಆಗಲಿ, ಅಮೆರಿಕದ ಜಿಪಿಎಸ್ ಆಗಲಿ, ಉಪಗ್ರಹದ ಬಳಿ ಹಗ್ಗವಿಲ್ಲ. ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಅದು ರೇಡಿಯೊ ಸಂಕೇತ ಕಳಿಸುತ್ತಿರುತ್ತದೆ. ಸಂಕೇತ ಬರಲು ಹಿಡಿದ ಸಮಯದಿಂದ ಮೊಬೈಲ್ ದೂರ ಲೆಕ್ಕ ಹಾಕುತ್ತದೆ.

ಕಷ್ಟ ಇರುವುದು ಇಲ್ಲೇ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ನೇರ ಗೆರೆ ಎಳೆದರೆ ಸುಮಾರು 30 ಕಿ.ಮೀ. ಸಂಕೇತಕ್ಕೆ ಅದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನ ಓಟ. ಮೊಬೈಲಿನ ಗಡಿಯಾರ ಅಷ್ಟೇ ತಪ್ಪಿದರೂ ಪ್ರತಿ ದೂರವೂ 30 ಕಿ.ಮೀ. ತಪ್ಪುತ್ತದೆ.

ಆಡಿಯೇ ನೋಡಿ. ಮೂರೂ ಹಗ್ಗಗಳನ್ನು ಒಂದೊಂದು ಅಡಿ ಉದ್ದ ಮಾಡಿ ಮತ್ತೆ ವೃತ್ತ ಎಳೆಯಿರಿ. ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ನಡುವೆ ತ್ರಿಕೋನದಂಥ ಜಾಗ ಉಳಿಯುತ್ತದೆ. ಗಡಿಯಾರ ತಪ್ಪಿದೆ ಎಂಬುದಕ್ಕೆ ಅದೇ ಸುಳಿವು. ಮೂರನ್ನೂ ಸಮನಾಗಿ ಕುಗ್ಗಿಸುತ್ತ ಬನ್ನಿ. ತ್ರಿಕೋನ ಮಾಯವಾದಾಗ ಜಾಗವೂ ಸಿಕ್ಕಿತು, ಸರಿಯಾದ ಸಮಯವೂ ಸಿಕ್ಕಿತು.

ಅಂಗಳಕ್ಕೆ ಮೂವರು ಸಾಕು. ಮೊಬೈಲ್ ಎತ್ತರವನ್ನೂ ಹುಡುಕಬೇಕಲ್ಲ, ಅದಕ್ಕೇ ಆಕಾಶದಲ್ಲಿ ಕನಿಷ್ಠ ನಾಲ್ಕು ಉಪಗ್ರಹ ಬೇಕು.