ಹಳದಿ ಪುಟಕ್ಕಿಂತ ಮಾಸಿದ ಅಕ್ಷರವೇ ಕಷ್ಟ

ಹಳೆಯ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಒಸಿಆರ್ ತಂತ್ರಾಂಶಕ್ಕೆ ಕೊಟ್ಟರೆ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ, ತಿದ್ದಲೂ ಹುಡುಕಲೂ ಬರುವ ಪಠ್ಯವನ್ನಾಗಿ ಮಾಡಿಕೊಡುತ್ತದೆ. ಹೊಸ ಪುಸ್ತಕವನ್ನು ಸರಾಗವಾಗಿ ಓದುವ ಈ ತಂತ್ರಾಂಶ ಎಪ್ಪತ್ತು, ಎಂಬತ್ತು ವರ್ಷ ಹಳೆಯ ಪುಟದಲ್ಲಿ ತಡವರಿಸುತ್ತದೆ. ಆಗ ಎಲ್ಲರೂ ಮೊದಲು ದೂರುವುದು ಹಳದಿ ಕಾಗದವನ್ನು. ಆದರೆ ಹೆಚ್ಚಿನ ತಪ್ಪಿಗೆ ಕಾರಣ ಕಾಗದವಲ್ಲ.

ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದಂತೆ ಅದು ಹಳದಿಯಾಗುತ್ತದೆ. ಅಂಚುಗಳು ಒಳಭಾಗಕ್ಕಿಂತ ಬೇಗ ಕಂದುವುದು ಇದರಿಂದಲೇ. ಮುದ್ರಣದ ಕಪ್ಪು ಶಾಯಿಯ ಕಥೆ ಬೇರೆ. ಅದು ಎಣ್ಣೆಯಲ್ಲಿ ಕಲಸಿದ ಇಂಗಾಲದ ಪುಡಿ. ಬೆಳಕಿಗೆ ಸುಲಭವಾಗಿ ಮಾಸುವಂಥದ್ದಲ್ಲ. ಹಾಗಾಗಿ ‘ಮಾಸಿದ’ ಅಕ್ಷರಗಳಲ್ಲಿ ಬಹಳಷ್ಟು ಅಚ್ಚಾದ ದಿನವೇ ತೆಳುವಾಗಿದ್ದವು. ಮೊಳೆ ಸವೆದಿರಬಹುದು, ಶಾಯಿ ಕಡಿಮೆ ಬಿದ್ದಿರಬಹುದು, ಒತ್ತಡ ಸಾಲದೆ ಹೋಗಿರಬಹುದು. ಸುತ್ತಲಿನ ಕಾಗದ ಕಂದಿದಾಗ ಆ ತೆಳು ಗೆರೆಗಳು ಇನ್ನಷ್ಟು ಮಂಕಾಗಿ ಕಾಣುತ್ತವೆ.

ಕಾಗದದ ಹಳದಿಗೆ ಮದ್ದಿದೆ. ಹಳದಿ ಕಾಗದ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಹಿಂದಿರುಗಿಸುತ್ತದೆ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು ಪದರವನ್ನಷ್ಟೇ ತೆಗೆದುಕೊಂಡರೆ ಕಾಗದ ಬಹುಮಟ್ಟಿಗೆ ಬಿಳುಪಾಗಿ, ಶಾಯಿ ಕಪ್ಪಾಗಿಯೇ ಉಳಿಯುತ್ತದೆ. ಮುಂದಿನ ಹೆಜ್ಜೆ ಚಿತ್ರವನ್ನು ಬರೀ ಕಪ್ಪು, ಬಿಳಿಯಾಗಿ ವಿಂಗಡಿಸುವುದು. ಇಡೀ ಪುಟಕ್ಕೆ ಒಂದೇ ಗಡಿ ಹಾಕಿದರೆ ಕಂದಿದ ಅಂಚು ಪೂರ್ತಿ ಕಪ್ಪಾಗಿ ಅಲ್ಲಿನ ಸಾಲುಗಳನ್ನು ನುಂಗುತ್ತದೆ. ಸೌವೋಲಾ ವಿಧಾನ ಪ್ರತಿ ಚುಕ್ಕೆಯನ್ನೂ ಅದರ ನೆರೆಹೊರೆಗೆ ಹೋಲಿಸಿ ತೀರ್ಮಾನಿಸುವುದರಿಂದ ಅಂಚಿನಲ್ಲೂ ಅಕ್ಷರ ಉಳಿಯುತ್ತದೆ. ಉಚಿತ ತಂತ್ರಾಂಶ ಟೆಸರಾಕ್ಟ್‌ನ 5ನೇ ಆವೃತ್ತಿಯಲ್ಲಿ ಈ ಆಯ್ಕೆಯಿದೆ.

ತೆಳು ಗೆರೆಗೆ ಇಂಥ ಮದ್ದಿಲ್ಲ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಇವುಗಳ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ. ಆ ಗೆರೆ 0.2 ಮಿಲಿಮೀಟರ್ ದಪ್ಪವಿದೆ ಎಂದುಕೊಳ್ಳಿ. 300 ಡಿಪಿಐ ಸ್ಕ್ಯಾನಿನಲ್ಲಿ ಅದಕ್ಕೆ ಸಿಗುವುದು ಎರಡು ಚುಕ್ಕೆಗಿಂತ ಸ್ವಲ್ಪ ಹೆಚ್ಚು; 150 ಡಿಪಿಐ ಆದರೆ ಒಂದೇ ಚುಕ್ಕೆ. ಶಾಯಿ ಸರಿಯಾಗಿ ಬೀಳದಿದ್ದರೆ ಅದೂ ಇಲ್ಲ. ಸಾಲಿನ ಕೆಳಗೆ ಸಣ್ಣದಾಗಿ ಕೂರುವ ಒತ್ತಕ್ಷರಗಳ ಪಾಡೂ ಇದೇ.

ಒಂದು ಸಾಲನ್ನು ನೋಡೋಣ. ಪುಟದಲ್ಲಿರುವುದು ‘ಧನ ಕಾಯುವವನಿಗೆ ಭಯ ಹೆಚ್ಚು’. ಸೀಳುಗಳೂ ಒತ್ತೂ ಮೂಡದಿದ್ದರೆ ತಂತ್ರಾಂಶ ‘ದನ ಕಾಯುವವನಿಗೆ ಬಯ ಹೆಚು’ ಎಂದು ಓದಬಹುದು. ಹನ್ನೆರಡು ಅಕ್ಷರಗಳಲ್ಲಿ ಮೂರು ತಪ್ಪು, ಅಂದರೆ ಶೇ 75ರಷ್ಟು ಸರಿ. ಪದಗಳ ಲೆಕ್ಕದಲ್ಲಿ ನಾಲ್ಕರಲ್ಲಿ ಸರಿಯಿರುವುದು ಒಂದೇ, ಶೇ 25. ಹೀಗೆ ಒಂದೇ ಓದಿಗೆ ಎರಡು ಅಂಕಿ ಸಿಗುತ್ತವೆ. ಯಾರಾದರೂ ನಿಖರತೆ ಇಷ್ಟು ಎಂದರೆ ಅದು ಅಕ್ಷರದ್ದೋ ಪದದ್ದೋ ಎಂದು ಮೊದಲು ಕೇಳಬೇಕು. ಅಕ್ಷರ ಮಟ್ಟದಲ್ಲಿ ಶೇ 98 ಸರಿ ಎನ್ನುವುದು ಒಳ್ಳೆಯ ಫಲಿತಾಂಶದಂತೆ ಕೇಳಿಸುತ್ತದೆ. ಸಾವಿರ ಅಕ್ಷರಗಳ ಪುಟದಲ್ಲಿ ಅದೇ ಇಪ್ಪತ್ತು ತಪ್ಪು.

ಈ ಸಾಲಿನಲ್ಲಿ ‘ಬಯ’, ‘ಹೆಚು’ ಎಂಬ ತಪ್ಪುಗಳನ್ನು ಪದಪರೀಕ್ಷಕ ಹಿಡಿಯುತ್ತದೆ. ‘ದನ ಕಾಯುವವನಿಗೆ’ ಎಂಬುದನ್ನು ಹಿಡಿಯುವುದಿಲ್ಲ, ಏಕೆಂದರೆ ಅದು ಅಪ್ಪಟ ಕನ್ನಡ. ಸಿರಿವಂತ ದನಗಾಹಿಯಾದದ್ದು ಮೂಲ ಪುಟವನ್ನು ಪಕ್ಕಕ್ಕಿಟ್ಟುಕೊಂಡು ಓದುವವರಿಗೆ ಮಾತ್ರ ಗೊತ್ತಾಗುತ್ತದೆ. ಹಳೆಯ ಪುಟದ ಅಪಾಯ ತಪ್ಪುಗಳ ಸಂಖ್ಯೆಗಿಂತ ಹೆಚ್ಚಾಗಿ ಇಂಥ ಸರಿಯಂತೆ ಕಾಣುವ ತಪ್ಪುಗಳಲ್ಲಿದೆ.

ಮನೆಯಲ್ಲೋ ಗ್ರಂಥಾಲಯದಲ್ಲೋ ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರು 300 ಡಿಪಿಐಗಿಂತ ಕೆಳಗಿಳಿಯಬೇಡಿ. ಅಕ್ಷರ ಸಣ್ಣದಿದ್ದರೆ 400 ಇರಲಿ. ಕಾಗದ ತೆಳುವಾಗಿದ್ದರೆ ಹಿಂದೆ ಕಪ್ಪು ಹಾಳೆ ಇಡಿ, ಹಿಂಬದಿಯ ಅಚ್ಚು ಮುಂದೆ ಇಣುಕುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣದ ಮೂಲ ಸ್ಕ್ಯಾನನ್ನು ಅಳಿಸಬೇಡಿ. ಕಪ್ಪು ಬಿಳುಪಿಗೆ ಇಳಿಸುವಾಗ ಕಳೆದುಹೋದ ಗೆರೆಯನ್ನು ಮುಂದೆ ಬರುವ ಯಾವ ತಂತ್ರಾಂಶವೂ ಮರಳಿ ತರಲಾರದು.