ಮಗುವಿನ ತಲೆ ಒಂದು ಬದಿಗೆ ಚಪ್ಪಟೆಯಾಗಿದ್ದರೆ

ಎರಡು ಮೂರು ತಿಂಗಳ ಮಗುವಿನ ತಲೆಗೆ ಎಣ್ಣೆ ಹಚ್ಚುವಾಗ ಹಿಂದಲೆಯ ಒಂದು ಬದಿ ಮಟ್ಟಸವಾಗಿರುವುದು ತಾಯಿಯ ಕೈಗೆ ತಿಳಿದುಬರುತ್ತದೆ. ಎದುರಿನಿಂದ ನೋಡಿದರೆ ಮುಖದಲ್ಲಿ ಏನೂ ಕೊರತೆ ಕಾಣುವುದಿಲ್ಲ. ನೆತ್ತಿಯ ಮೇಲಿನಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಾಗ ಮಾತ್ರ ತಲೆಯ ವಾರೆ ಸ್ಪಷ್ಟವಾಗಿ ಕಾಣುತ್ತದೆ. ಆ ಫೋಟೊವನ್ನು ಕಂಡ ಹಿರಿಯರಲ್ಲಿ ಒಬ್ಬರು ‘ಬೆಳೆಯುತ್ತ ತಾನಾಗಿ ಸರಿಹೋಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ನೀರೆರೆಯುವಾಗ ಒತ್ತಿ ತಿದ್ದಬೇಕು’ ಎನ್ನುತ್ತಾರೆ. ಮೊದಲನೆಯ ಮಾತು ಬಹುಪಾಲು ಮಕ್ಕಳ ವಿಷಯದಲ್ಲಿ ನಿಜ, ಕೆಲವರ ವಿಷಯದಲ್ಲಿ ಅಪಾಯಕಾರಿ. ಎರಡನೆಯದು ಯಾರ ವಿಷಯದಲ್ಲಿಯೂ ಸರಿಯಲ್ಲ. ತಾನಾಗಿ ಸರಿಹೋಗುವ ಚಪ್ಪಟೆ ಯಾವುದು, ತಡಮಾಡದೆ ವೈದ್ಯರು ನೋಡಬೇಕಾದುದು ಯಾವುದು ಎಂಬುದರ ಸುಳಿವು ಅದೇ ಫೋಟೊದಲ್ಲಿ ಬಹುಮಟ್ಟಿಗೆ ಇರುತ್ತದೆ. ಅದಕ್ಕಾಗಿ ನೋಡಬೇಕಾದುದು ಚಪ್ಪಟೆಯಾದ ಜಾಗವನ್ನಲ್ಲ, ಮಗುವಿನ ಕಿವಿಗಳನ್ನು.

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಎಲುಬಿನದಲ್ಲ. ಹಲವು ತೆಳುವಾದ ಎಲುಬಿನ ಹಲಗೆಗಳು ಮೆತ್ತನೆಯ ಸಂಧಿಗಳಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಈ ಸಂಧಿಗಳು ಕೂಡುವ ಒಂದು ಸ್ಥಳವೇ ನಾವು ಬಲ್ಲ ನೆತ್ತಿಯ ಮೆತ್ತನೆಯ ಜಾಗ. ಹುಟ್ಟುವಾಗ ಸುಮಾರು 34–35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಒಂದು ವರ್ಷ ತುಂಬುವಾಗ ಸುಮಾರು 45–46 ಸೆಂಟಿಮೀಟರಿಗೆ ಏರುತ್ತದೆ. ಒಳಗಿನಿಂದ ಬೆಳೆಯುವ ಮಿದುಳು ಈ ಹಲಗೆಗಳನ್ನು ಹೊರಕ್ಕೆ ತಳ್ಳುತ್ತದೆ. ಸಂಧಿಗಳು ತೆರೆದಿರುವುದರಿಂದ ಬುರುಡೆ ಹಿಗ್ಗುತ್ತದೆ. ಹೀಗೆ ಬೆಳೆಯುತ್ತಿರುವ ಮೃದುವಾದ ತಲೆಯ ಒಂದೇ ಭಾಗ ದಿನದ ಹೆಚ್ಚು ಹೊತ್ತು ಹಾಸಿಗೆಗೆ ಒತ್ತಿಕೊಂಡಿದ್ದರೆ ಆ ಭಾಗ ಹೊರಕ್ಕೆ ಬೆಳೆಯಲಾರದೆ ಚಪ್ಪಟೆಯಾಗುತ್ತದೆ. ಇದು ಮಲಗುವ ಭಂಗಿಯಿಂದ ಬಂದ ಚಪ್ಪಟೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ, ಅವಳಿಗಳಲ್ಲಿ, ಕತ್ತನ್ನು ಒಂದೇ ಕಡೆಗೆ ಹೊರಳಿಸುವ ಮಕ್ಕಳಲ್ಲಿ ಇದು ಹೆಚ್ಚು. ಹುಟ್ಟಿದಾಗ ದುಂಡಗಿದ್ದ ತಲೆಯಲ್ಲಿ ಆರೆಂಟು ವಾರಗಳ ಹೊತ್ತಿಗೆ ಕಾಣಿಸಿಕೊಂಡು, ನಾಲ್ಕನೆಯ ತಿಂಗಳ ಸುಮಾರಿಗೆ ಅತಿ ಹೆಚ್ಚಾಗಿ, ಮಗು ಮಗುಚಿಕೊಳ್ಳಲು ಮತ್ತು ಕೂರಲು ಕಲಿತಂತೆ ಕಡಿಮೆಯಾಗುತ್ತ ಹೋಗುವುದು ಇದರ ಕ್ರಮ. ಇದರಿಂದ ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗುವುದಿಲ್ಲ.

ಇನ್ನೊಂದು ಕಾರಣ ವಿರಳ. ಸುಮಾರು ಎರಡರಿಂದ ಎರಡೂವರೆ ಸಾವಿರ ಶಿಶುಗಳಲ್ಲಿ ಒಂದಕ್ಕೆ, ಯಾವುದೋ ಒಂದು ಸಂಧಿ ಕಾಲಕ್ಕೆ ಮೊದಲೇ ಎಲುಬಾಗಿ ಬೆಸೆದುಕೊಂಡಿರುತ್ತದೆ. ಆ ಸಂಧಿಯ ಬಳಿ ತಲೆ ಹಿಗ್ಗಲಾರದು. ಉಳಿದ ಕಡೆಗಳಲ್ಲಿ ಅತಿಯಾಗಿ ಹಿಗ್ಗುತ್ತದೆ. ಇದು ಮಲಗಿಸುವ ರೀತಿಯಿಂದ ಬಂದುದಲ್ಲ, ಭಂಗಿ ಬದಲಿಸಿದರೆ ಹೋಗುವುದೂ ಇಲ್ಲ. ಕೆಲವು ಮಕ್ಕಳಲ್ಲಿ ಬುರುಡೆಯ ಒಳಗಿನ ಒತ್ತಡ ಹೆಚ್ಚುವ ಸಂಭವವೂ ಇದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಪರಿಹಾರ. ಮೊದಲ ಮೂರು ನಾಲ್ಕು ತಿಂಗಳೊಳಗೆ ಪತ್ತೆಯಾದರೆ ಅನೇಕ ವೇಳೆ ಸಣ್ಣ ಗಾಯದ ಮೂಲಕ ದುರ್ಬೀನಿನ ನೆರವಿನಿಂದ ಅದನ್ನು ಮಾಡಬಹುದು. ತಡವಾದರೆ ಬುರುಡೆಯನ್ನು ತೆರೆದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದುದರಿಂದ ಈ ಎರಡನ್ನೂ ಬೇರ್ಪಡಿಸಿ ಅರಿಯುವುದು ಅಗತ್ಯ.

ಫೋಟೊ ತೆಗೆಯುವಲ್ಲಿ ತಪ್ಪಿದರೆ ಸರಿಯಾದ ತಲೆಯೂ ವಾರೆಯಾಗಿ ಕಾಣುತ್ತದೆ. ಸ್ನಾನದ ನಂತರ ಕೂದಲು ಒದ್ದೆಯಾಗಿ ಅಂಟಿಕೊಂಡಿರುವಾಗ ಒಬ್ಬರು ಮಗುವನ್ನು ಮಡಿಲಲ್ಲಿ ನೇರವಾಗಿ ಕೂರಿಸಿ, ಗದ್ದದ ಕೆಳಗೆ ಮತ್ತು ಕತ್ತಿನ ಹಿಂದೆ ಆಧಾರ ಕೊಟ್ಟು ಹಿಡಿಯಬೇಕು. ಇನ್ನೊಬ್ಬರು ನೆತ್ತಿಯ ನೇರ ಮೇಲಿನಿಂದ, ಒಂದೂವರೆ ಎರಡು ಅಡಿ ಅಂತರದಲ್ಲಿ ಫೋಟೊ ತೆಗೆಯಬೇಕು. ತೀರ ಹತ್ತಿರದಿಂದ ತೆಗೆದರೆ ಆಕಾರ ಉಬ್ಬಿ ಕಾಣುತ್ತದೆ. ಮೂಗಿನ ತುದಿ ಮತ್ತು ಎರಡೂ ಕಿವಿಗಳು ಚಿತ್ರದಲ್ಲಿ ಬಂದಿರಬೇಕು. ತಲೆ ಯಾವ ಪಕ್ಕಕ್ಕೂ ಓಲಿರಬಾರದು. ಎರಡು ಮೂರು ಫೋಟೊ ತೆಗೆದು, ಎಲ್ಲದರಲ್ಲಿಯೂ ಒಂದೇ ಬಗೆಯ ವಾರೆ ಕಂಡರೆ ಮಾತ್ರ ನಂಬಬೇಕು. ಮೂರು ನಾಲ್ಕು ವಾರಗಳಿಗೊಮ್ಮೆ ಇದೇ ರೀತಿಯಲ್ಲಿ ತೆಗೆದು ದಿನಾಂಕದೊಂದಿಗೆ ಇಟ್ಟುಕೊಂಡರೆ ಬದಲಾವಣೆ ತಿಳಿಯುತ್ತದೆ.

ಈಗ ಚಿತ್ರದಲ್ಲಿ ಮೂಗು ಮೇಲ್ಗಡೆ ಬರುವಂತೆ ಹಿಡಿದು, ಕಿವಿಗಳನ್ನು ನೋಡಿ. ಭಂಗಿಯಿಂದ ಬಂದ ಚಪ್ಪಟೆಯಲ್ಲಿ ಹಾಸಿಗೆ ಹಿಂದಿನಿಂದ ಒಂದು ಮೂಲೆಯನ್ನು ಒತ್ತಿರುತ್ತದೆ. ಆಯತಾಕಾರದ ಸಡಿಲ ಚೌಕಟ್ಟೊಂದರ ಒಂದು ಪಕ್ಕವನ್ನು ಹಿಂದಿನಿಂದ ತಳ್ಳಿದರೆ ಆ ಪಕ್ಕವೆಲ್ಲ ಮುಂದಕ್ಕೆ ಜರುಗುವಂತೆ, ಇಲ್ಲಿಯೂ ಚಪ್ಪಟೆಯಾದ ಬದಿಯ ಕಿವಿ ಮುಂದಕ್ಕೆ ಸರಿದಿರುತ್ತದೆ. ಅದೇ ಬದಿಯ ಹಣೆಯೂ ತುಸು ಮುಂದಕ್ಕೆ ಬಂದಿರುತ್ತದೆ. ಒತ್ತಿಕೊಂಡಿದ್ದ ಜಾಗದಲ್ಲಿ ಕೂದಲು ಉದುರಿದ್ದರೆ ಅದು ಇನ್ನೊಂದು ಸಾಕ್ಷಿ. ಹಿಂದಲೆಯ ಸಂಧಿ ಬೆಸೆದುಕೊಂಡಿದ್ದರೆ ಹಾಗಲ್ಲ. ಚಪ್ಪಟೆಯಾದ ಬದಿಯ ಕಿವಿ ಸಾಮಾನ್ಯವಾಗಿ ಹಿಂದಕ್ಕೂ ಕೆಳಕ್ಕೂ ಎಳೆದಂತಿರುತ್ತದೆ. ಆ ಕಿವಿಯ ಹಿಂದೆ ಎಲುಬು ಉಬ್ಬಿರುತ್ತದೆ. ಹಣೆ ಮುಂದಕ್ಕೆ ಬಂದರೆ ಅದು ಎದುರು ಬದಿಯಲ್ಲಿ. ಕಿವಿ ಮುಂದಿದ್ದರೆ ಸಮಾಧಾನ, ಹಿಂದಿದ್ದರೆ ವೈದ್ಯರ ಬಳಿಗೆ ಎಂಬುದನ್ನು ನೆನಪಿಟ್ಟುಕೊಂಡರೆ ಹಿಂದಲೆಯ ಚಪ್ಪಟೆಗೆ ಬಹುಮಟ್ಟಿಗೆ ಸಾಕು.

ಬೇರೆ ಸಂಧಿಗಳು ಬೆಸೆದಾಗ ಚಿತ್ರ ಬೇರೆಯೇ ಆಗುತ್ತದೆ. ನಡುನೆತ್ತಿಯ ಉದ್ದದ ಸಂಧಿ ಬೆಸೆದರೆ ತಲೆ ದೋಣಿಯಂತೆ ಉದ್ದವೂ ಇಕ್ಕಟ್ಟೂ ಆಗುತ್ತದೆ. ಹಣೆಯ ನಡುವಿನ ಸಂಧಿ ಬೆಸೆದರೆ ಹಣೆಯ ಮಧ್ಯದಲ್ಲಿ ಏಣೆದ್ದು, ಮೇಲಿನಿಂದ ತಲೆ ತ್ರಿಕೋನಾಕಾರವಾಗಿ ಕಾಣುತ್ತದೆ. ಒಂದು ಬದಿಯ ಮುಂದಲೆಯ ಸಂಧಿ ಬೆಸೆದರೆ ಹಣೆಯ ಆ ಬದಿಯೇ ಚಪ್ಪಟೆಯಾಗಿ, ಆ ಕಡೆಯ ಕಣ್ಣು ಇನ್ನೊಂದಕ್ಕಿಂತ ಅಗಲವಾಗಿ ತೆರೆದಂತಿರುತ್ತದೆ. ಇವು ಯಾವುವೂ ಹಾಸಿಗೆಯ ಒತ್ತಡದಿಂದ ಬರುವ ಆಕಾರಗಳಲ್ಲವೆಂದು ತಿಳಿದು ವೈದ್ಯರಿಗೆ ತೋರಿಸಬೇಕು.

ಒಂದು ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗಬಹುದು. ಮೂವತ್ತಾರು ವಾರಕ್ಕೆ ಹುಟ್ಟಿದ ಒಂದು ಹೆಣ್ಣುಮಗು ಎಂದಿಟ್ಟುಕೊಳ್ಳೋಣ. ಹುಟ್ಟಿದಾಗ ತಲೆ ದುಂಡಗಿತ್ತು. ಎರಡೂವರೆ ತಿಂಗಳಲ್ಲಿ ಬಲಹಿಂದಲೆ ಚಪ್ಪಟೆಯಾಗಿರುವುದು ಕಂಡಿತು. ಫೋಟೊದಲ್ಲಿ ಬಲಗಿವಿ ಎಡಗಿವಿಗಿಂತ ಮುಂದಿದೆ, ಬಲಹಣೆ ತುಸು ಉಬ್ಬಿದೆ. ಮಗು ಮಲಗಿದಾಗಲೆಲ್ಲ ಮುಖವನ್ನು ಬಲಕ್ಕೇ ಹೊರಳಿಸುತ್ತದೆ. ತೊಟ್ಟಿಲಿನ ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲಿನ ಬೆಳಕು ಮತ್ತು ತಾಯಿಯ ಹಾಸಿಗೆ. ಮೂರೂವರೆ ತಿಂಗಳ ಲಸಿಕೆಗೆ ಹೋದಾಗ ತಾಯಿ ಇದನ್ನು ಮಕ್ಕಳ ವೈದ್ಯರಿಗೆ ತೋರಿಸಿದಳು. ವೈದ್ಯರು ಬೆರಳಿನಿಂದ ಸಂಧಿಗಳುದ್ದಕ್ಕೂ ತಡವಿ ನೋಡಿದರು; ಎಲ್ಲಿಯೂ ಗಟ್ಟಿಯಾದ ಏಣಿಲ್ಲ. ನೆತ್ತಿ ಮೆತ್ತಗಿದೆ. ಸುತ್ತಳತೆ ಹಿಂದಿನ ಅಳತೆಗಳ ಸಾಲಿನಲ್ಲಿಯೇ ಏರಿದೆ. ಎಡಹಣೆಯಿಂದ ಬಲಹಿಂದಲೆಗೆ ಮತ್ತು ಬಲಹಣೆಯಿಂದ ಎಡಹಿಂದಲೆಗೆ ಓರೆಯಾಗಿ ಅಳೆದಾಗ 12 ಮತ್ತು 13 ಸೆಂಟಿಮೀಟರ್ ಬಂದಿತು, ಅಂದರೆ 10 ಮಿಲಿಮೀಟರ್ ವ್ಯತ್ಯಾಸ. ಕತ್ತನ್ನು ಎಡಕ್ಕೆ ತಿರುಗಿಸುವಾಗ ಬಿಗಿತ ಕಂಡಿತು: ಎಡಬದಿಯ ಕತ್ತಿನ ಸ್ನಾಯು ಮೊಟಕಾಗಿದ್ದುದರಿಂದ ತಲೆ ಎಡಕ್ಕೆ ಓಲಿ, ಮುಖ ಬಲಕ್ಕೆ ತಿರುಗುತ್ತಿತ್ತು. ತಲೆಯ ಚಪ್ಪಟೆಗೆ ಮೂಲ ಕತ್ತಿನಲ್ಲಿತ್ತು. ಎಕ್ಸ್‌ರೇ ಆಗಲಿ ಸ್ಕ್ಯಾನ್ ಆಗಲಿ ಬೇಕಾಗಲಿಲ್ಲ. ಫಿಸಿಯೋಥೆರಪಿ ತಜ್ಞರು ಕತ್ತಿನ ವ್ಯಾಯಾಮವನ್ನು ತಾಯಿಗೆ ಕಲಿಸಿಕೊಟ್ಟರು. ಇಂತಹ ಮಗುವಿನಲ್ಲಿ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಹೋಗುವುದನ್ನು ನಿರೀಕ್ಷಿಸಬಹುದು. ಉಳಿದ ಅಲ್ಪಸ್ವಲ್ಪ ವಾರೆ ಕೂದಲಿನಲ್ಲಿ ಮುಚ್ಚಿಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದುದು ಕಠಿಣವೇನಲ್ಲ. ಮಗುವನ್ನು ನಿದ್ರೆಗೆ ಅಂಗಾತವಾಗಿಯೇ ಮಲಗಿಸಬೇಕು. ತಲೆ ಚಪ್ಪಟೆಯಾಗುತ್ತದೆಂದು ಬೋರಲು ಮಲಗಿಸುವುದು ನಿದ್ರೆಯಲ್ಲಿ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುತ್ತದೆ. ಮಲಗಿಸುವ ದಿಕ್ಕನ್ನು ಬದಲಿಸಿ, ಬೆಳಕು ಮತ್ತು ಜನರ ಓಡಾಟ ಚಪ್ಪಟೆಯಾಗದ ಬದಿಯಲ್ಲಿ ಬರುವಂತೆ ಮಾಡಬೇಕು. ಮಗು ತಾನಾಗಿ ಆ ಕಡೆ ಹೊರಳುತ್ತದೆ. ಎಚ್ಚರವಿದ್ದಾಗ, ಹಿರಿಯರು ಪಕ್ಕದಲ್ಲಿ ಕುಳಿತು, ದಿನಕ್ಕೆ ಎರಡು ಮೂರು ಬಾರಿ ಮೂರರಿಂದ ಐದು ನಿಮಿಷ ಬೋರಲು ಹಾಕಿ ಕ್ರಮೇಣ ಹೆಚ್ಚಿಸಬೇಕು. ಉಳಿದ ವೇಳೆ ಹೆಗಲ ಮೇಲೆ, ತೊಡೆಯ ಮೇಲೆ ಎತ್ತಿಕೊಂಡಷ್ಟೂ ಒಳ್ಳೆಯದು. ಸಾಸಿವೆ ದಿಂಬು, ಬಟ್ಟೆಯ ಸಿಂಬಿ ಮುಂತಾದುವನ್ನು ನಿದ್ರಿಸುವ ಮಗುವಿನ ತಲೆಯಡಿ ಇಡಬಾರದು. ಮುಖ ಹುದುಗಿ ಉಸಿರು ಕಟ್ಟುವ ಅಪಾಯವಿದೆ. ಎಣ್ಣೆ ಹಚ್ಚುವುದು ತಪ್ಪಲ್ಲ, ಆದರೆ ತಲೆಯನ್ನು ಒತ್ತಿ ದುಂಡಗೆ ಮಾಡುವ ಯತ್ನ ಬೇಡ. ಆಕಾರವನ್ನು ಕೊಡುವುದು ಒಳಗಿನ ಮಿದುಳಿನ ಬೆಳವಣಿಗೆಯೇ ಹೊರತು ಹೊರಗಿನ ಅಂಗೈಯಲ್ಲ.

ತಲೆಗೆ ಹೆಲ್ಮೆಟ್ ತೊಡಿಸುವ ಚಿಕಿತ್ಸೆಯ ಬಗೆಗೂ ಕೆಲವರು ಕೇಳುತ್ತಾರೆ. ದಿನಕ್ಕೆ ಇಪ್ಪತ್ತಮೂರು ಗಂಟೆ, ಹಲವು ತಿಂಗಳು ತೊಡಿಸಬೇಕಾದ ದುಬಾರಿ ಸಾಧನವದು. ನೆದರ್‌ಲೆಂಡ್ಸ್‌ನಲ್ಲಿ 84 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷ ವಯಸ್ಸಿನ ಹೊತ್ತಿಗೆ ಹೆಲ್ಮೆಟ್ ತೊಟ್ಟವರಿಗೂ ತೊಡದವರಿಗೂ ತಲೆಯ ಆಕಾರದ ಸುಧಾರಣೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತೀವ್ರವಾದ ವಾರೆಯಿದ್ದು ಇತರ ಕ್ರಮಗಳಿಂದ ತಗ್ಗದಿದ್ದರೆ ಕೆಲವು ತಜ್ಞರು ಇದನ್ನು ಸೂಚಿಸುತ್ತಾರೆ. ಆ ನಿರ್ಧಾರ ಪರೀಕ್ಷಿಸಿದ ವೈದ್ಯರದಾಗಿರಬೇಕು.

ಚಪ್ಪಟೆ ಎಷ್ಟೇ ಸಣ್ಣದಿರಲಿ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗೆ ಹೋದಾಗ ಅದನ್ನು ತೋರಿಸಿ ತಲೆಯ ಸುತ್ತಳತೆ ಬರೆಸಿಕೊಳ್ಳುವುದು ಸಾಕಷ್ಟು ಸುಲಭ. ಆದರೆ ಕೆಲವು ಚಿಹ್ನೆಗಳಿದ್ದರೆ ಲಸಿಕೆಯ ದಿನದವರೆಗೆ ಕಾಯದೆ ಆ ವಾರದಲ್ಲಿಯೇ ಮಕ್ಕಳ ವೈದ್ಯರನ್ನು ಕಾಣಬೇಕು. ತಲೆಯ ವಾರೆ ಹುಟ್ಟಿನಿಂದಲೇ ಇದ್ದು ಕೆಲವು ವಾರಗಳಾದರೂ ಹೋಗದಿರುವುದು. ಚಪ್ಪಟೆ ಬದಿಯ ಕಿವಿ ಹಿಂದಿರುವುದು. ಸಂಧಿಯ ಸಾಲಿನಲ್ಲಿ ಗಟ್ಟಿ ಏಣು ಕೈಗೆ ಸಿಗುವುದು (ಹೆರಿಗೆಯಾದ ಮೊದಲ ದಿನಗಳಲ್ಲಿ ಎಲುಬುಗಳು ಒಂದರ ಮೇಲೊಂದು ಸರಿದು ಏಣಿನಂತೆ ತೋರುವುದು ಸಹಜ). ಮುಂದಿನ ನೆತ್ತಿ ತೀರ ಬೇಗ ಮುಚ್ಚಿಕೊಂಡಿರುವುದು. ಸುತ್ತಳತೆ ಏರದಿರುವುದು ಅಥವಾ ಒಮ್ಮೆಲೆ ಹೆಚ್ಚಾಗುವುದು. ಕತ್ತು ಒಂದು ಕಡೆಗೆ ತಿರುಗದಿರುವುದು. ಭಂಗಿ ಬದಲಿಸಿದರೂ ನಾಲ್ಕೈದು ತಿಂಗಳ ನಂತರ ಚಪ್ಪಟೆ ಹೆಚ್ಚುತ್ತಲೇ ಇರುವುದು ಇಂತಹ ಚಿಹ್ನೆಗಳು. ಮಗು ಅಳದೆ ಸುಮ್ಮನಿರುವಾಗಲೂ ನೆತ್ತಿ ಬಿಗಿದು ಉಬ್ಬಿದ್ದರೆ, ಪದೇ ಪದೇ ವಾಂತಿಯಾಗುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಅಥವಾ ಕಣ್ಣುಗುಡ್ಡೆಗಳು ಕೆಳಗೇ ನೆಟ್ಟಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಫೋಟೊ ರೋಗನಿರ್ಣಯವಲ್ಲ, ಸಂಧಿ ತೆರೆದಿದೆಯೋ ಇಲ್ಲವೋ ಎಂಬುದನ್ನು ಬಲ್ಲ ಬೆರಳು ತಡವಿಯೇ ಹೇಳಬೇಕು. ವೈದ್ಯರ ಬಳಿಗೆ ಹೋಗುವಾಗ ದಿನಾಂಕವಿರುವ ಫೋಟೊಗಳನ್ನೂ ಹಿಂದಿನ ಸುತ್ತಳತೆಗಳನ್ನು ಬರೆದ ಕಾರ್ಡನ್ನೂ ಒಯ್ಯಿರಿ. ಮತ್ತು ಈ ಮೂರು ವಿಷಯಗಳನ್ನು ತಪ್ಪದೆ ತಿಳಿಸಿರಿ: ವಾರೆ ಹುಟ್ಟಿನಿಂದಲೇ ಇತ್ತೇ ಅಥವಾ ನಂತರ ಬಂದಿತೇ, ಮಗು ಯಾವ ಕಡೆಗೆ ಹೆಚ್ಚು ಹೊರಳುತ್ತದೆ, ಚಪ್ಪಟೆ ಹೆಚ್ಚುತ್ತಿದೆಯೇ ತಗ್ಗುತ್ತಿದೆಯೇ.