ಪ್ರಶ್ನೆಯಲ್ಲೇ ತೂಗುವ ಜೋಗುಳ

ಕಾಸರಗೋಡಿನಲ್ಲಿ, ಬೆಂಗಳೂರಿನಲ್ಲಿ ಅಪ್ಪ ಕನ್ನಡ, ಅಮ್ಮ ಮಲಯಾಳ ಮಾತಾಡುವ ಮನೆಗಳಿವೆ. ಅಲ್ಲಿ ಅಮ್ಮ ಹಾಡುವ ಜೋಗುಳ ಬಹುಮಟ್ಟಿಗೆ ‘ಓಮನತ್ತಿಂಗಳ್ ಕಿಡಾವೋ’. ತಿರುವಾಂಕೂರಿನ ರಾಣಿ ಗೌರಿ ಲಕ್ಷ್ಮೀಬಾಯಿಗೆ 1813ರಲ್ಲಿ ಮಗ ಹುಟ್ಟಿದಾಗ ಇರಯಿಮ್ಮನ್ ತಂಪಿ ಕಟ್ಟಿದ ಹಾಡು ಅದು. ಆ ಮಗುವೇ ಮುಂದೆ ರಾಜನೂ ವಾಗ್ಗೇಯಕಾರನೂ ಆದ ಸ್ವಾತಿ ತಿರುನಾಳ್.

ಇಡೀ ಹಾಡು ಬರೀ ಪ್ರಶ್ನೆ. ನೀನು ಚಂದ್ರನ ಕೂಸೋ, ತಾವರೆ ಹೂವೋ ಎಂದು ಕೇಳುತ್ತಲೇ ಹೋಗುತ್ತದೆ, ಎಲ್ಲಿಯೂ ಉತ್ತರವಿಲ್ಲ. ಆದ್ದರಿಂದ ಬಹುತೇಕ ಸಾಲುಗಳು ‘ಓ’ಕಾರದಲ್ಲಿ ನಿಲ್ಲುತ್ತವೆ, ತೊಟ್ಟಿಲು ಅತ್ತ ಹೋಗಿ ಇತ್ತ ಬರುವಷ್ಟು ಹೊತ್ತು ಆ ಸ್ವರವನ್ನು ಎಳೆಯಬಹುದು. ಇದನ್ನು ಕನ್ನಡಕ್ಕೆ ತರುವ ಅಪ್ಪ ಮೊದಲು ಕಾಪಾಡಬೇಕಾದದ್ದು ಈ ಓಕಾರವನ್ನು. ಅದೃಷ್ಟಕ್ಕೆ ಕನ್ನಡದಲ್ಲೂ ಪ್ರಶ್ನೆಗೆ ಅದೇ ಓಕಾರ ಇದೆ. ಹಿಂದಿಗೋ ಇಂಗ್ಲಿಷಿಗೋ ಹಾಡನ್ನು ಒಯ್ಯುವವರಿಗೆ ಈ ಅನುಕೂಲ ಸಿಗದು.

ಇನ್ನು ಮೊದಲ ಸಾಲು. ‘ಮುದ್ದಾದ ಚಂದ್ರನ ಮಗುವೋ’ ಎಂದರೆ ಅರ್ಥ ಸರಿಯಾಯಿತು, ಆದರೆ ನಡಿಗೆ ಕೆಟ್ಟಿತು. ‘ಮುದ್ದಾದ’ ಐದು ಮಾತ್ರೆ, ಉಳಿದೆರಡು ಪದ ನಾಲ್ಕು ನಾಲ್ಕು. ತೂಗುವ ಕೈ ಮೊದಲ ಪದದಲ್ಲೇ ತಡವರಿಸುತ್ತದೆ. ‘ಮುದ್ದಿನ’ ಎಂದರೆ ನಾಲ್ಕಾಗುತ್ತದೆ. ಮೂಲದ ‘ತಿಂಗಳ್’ ನಮ್ಮಲ್ಲೂ ಇದೆಯಲ್ಲ ಎಂದು ‘ತಿಂಗಳ ಕೂಸೋ’ ಎಂದು ಹಾಡಿದರೆ ಕೇಳುವ ಅಜ್ಜಿ ಒಂದು ತಿಂಗಳು ತುಂಬಿದ ಮಗು ಎಂದುಕೊಳ್ಳುತ್ತಾಳೆ. ‘ಕಿಡಾವು’ ಎಂಬುದಕ್ಕೆ ಹತ್ತಿರವೆಂದು ‘ಕುಡಿಯೋ’ ಎಂದಿಟ್ಟರೆ ಇನ್ನೂ ಫಜೀತಿ: ಹಾಲು ಕುಡಿ ಎಂದು ಗದರಿಸಿದ ಹಾಗೆ ಕೇಳುತ್ತದೆ. ‘ಮುದ್ದಿನ ಚಂದಿರ ಕೂಸೋ’ ಎಂದರೆ ನಾಲ್ಕು, ನಾಲ್ಕು, ನಾಲ್ಕು. ಕೊನೆಯ ಪದದಲ್ಲಿ ಎರಡೂ ದೀರ್ಘ. ನನಗೆ ಇದೇ ಸರಿಯೆನಿಸುತ್ತದೆ. ರಾಗವಿಲ್ಲದೆ, ತೊಡೆ ತಟ್ಟುತ್ತಾ ಸಾಲನ್ನು ನಾಲ್ಕಾರು ಸಲ ಹೇಳಿನೋಡಿ. ನಾಲಿಗೆ ಓಡಿದಲ್ಲಿ, ಇಲ್ಲವೇ ಕಾದು ನಿಂತಲ್ಲಿ ದೋಷವಿದೆ.

ಹಾಡಿನಲ್ಲಿ ಪದ್ಮನಾಭನ ಕೃಪೆಯ ಮಾತು ಬರುತ್ತದೆ. ಆತ ತಿರುವಾಂಕೂರು ಅರಸರ ಕುಲದೇವರು. ನಿಮ್ಮ ಮನೆದೇವರು ಮಂಜುನಾಥನೋ ಎಲ್ಲಮ್ಮನೋ ಆಗಿದ್ದರೆ ಆ ಹೆಸರನ್ನೇ ಇಡಿ, ಮಾತ್ರೆ ಮಾತ್ರ ಸರಿಹೊಂದಿಸಿಕೊಳ್ಳಿ. ಜೋಗುಳ ಮೊದಲಿನಿಂದಲೂ ಮನೆಯಿಂದ ಮನೆಗೆ ಹೀಗೆ ಬದಲಾಗುತ್ತಲೇ ಬಂದಿದೆ.

ಮಗು ಮಲಗಿದ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ಕರೆಯುವ ಮುದ್ದಿನ ಮಾತಿಗೆ ಈ ಸ್ವಾತಂತ್ರ್ಯ ಅಷ್ಟಿಲ್ಲ. ಮಲಯಾಳಿ ಗಂಡ ಹೆಂಡತಿಯನ್ನು ಅಕ್ಕರೆಯಿಂದ ‘ಮೋಳೇ’ ಎನ್ನುವುದುಂಟು. ಅದನ್ನೇ ‘ಮಗಳೇ’ ಎಂದು ಕನ್ನಡಕ್ಕೆ ತಂದರೆ ಹೆಂಡತಿಗೆ ಇರುಸುಮುರುಸು. ಬೆಲ್ಲ, ಸಕ್ಕರೆಯ ಸವಿಯಿರುವ ಅವರ ‘ಚಕ್ಕರೇ’ಗೆ ನಮ್ಮಲ್ಲಿ ‘ಚಿನ್ನಾ’, ‘ಬಂಗಾರ’ ಸಲೀಸಾಗಿ ಹೊಂದುತ್ತವೆ. ಮಗುವಿಗೂ ಸಲ್ಲುತ್ತವೆ, ಸಂಗಾತಿಗೂ ಸಲ್ಲುತ್ತವೆ. ಅವನು ‘ಮೋಳೇ’ ಎಂದೇ ಕರೆಯಲಿ, ಅವಳು ‘ಏನು ಬಂಗಾರ’ ಎಂದೇ ಓಗೊಡಲಿ.